ನೀಲಿಮಾ ವೈನಿಯ ಮೊದಲ ಮಾತು ಮತ್ತು ಹನ್ನೆರಡು ನಿಂಬೆಹಣ್ಣು

ನಮ್ಮ ಅಣ್ಣನ ಹೆಂಡತಿ ನೀಲಿಮಾ ವೈನಿ ಮೆತ್ತಗಿನ ಹೆಂಗಸು ಎಂದು ನೀವು ತಿಳಿದರೆ, ತಪ್ಪು ನಿಮ್ಮದು. ಧ್ವನಿಯಷ್ಟೇ ಮೆತ್ತಗೆ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು, ಬಿಬವೇವಾಡಿಯ ಮರಾಠಿ ಶಾಲೆಯಲ್ಲಿ ಗಣಿತ ಕಲಿಸುತ್ತ, ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದವಳು. "ಈ ವಯಸ್ಸಿನಾಗ ಯಾಕ್ರಿ?" ಎಂದು ಕೇಳಿದವರಿಗೆ, "ಪ್ರಶ್ನೆ ಈಗ ಹುಟ್ಟ್ಯದ್ರಿ, ಏನ್ ಮಾಡ್ಲಿ?" ಎನ್ನುತ್ತಿದ್ದಳು.

ಆ ಪ್ರಶ್ನೆ ಹುಟ್ಟಿದ್ದು ಅವಳು ಕಲಿಸುವ ನಾಲ್ಕನೇ ಇಯತ್ತೆಯ ತರಗತಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಇಂಥ ಮಕ್ಕಳು ಅಲ್ಲಿ ಬಹಳ. ಬರೀ ಅಂಕಿ ಕೊಟ್ಟರೆ ಪಟಪಟ ಕೂಡಿಸಿ ಕಳೆಯುತ್ತಿದ್ದರು. ಅದೇ ಲೆಕ್ಕವನ್ನು ಕಥೆಯಾಗಿ ಹೇಳಿದರೆ ತಪ್ಪುತ್ತಿದ್ದರು. ಮರಾಠಿ ತಿಳಿಯದೆ ತಪ್ಪುತ್ತಾರೆ, ಕನ್ನಡದಲ್ಲಿ ಹೇಳಿದರೆ ಸರಿಹೋಗುತ್ತದೆ ಎಂಬುದು ವೈನಿಯ ಊಹೆ. ಅದನ್ನೇ ಪರೀಕ್ಷಿಸಲು ಹೊರಟಳು.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವನು ನಮ್ಮ ಅಪ್ಪ, ಅವಧೂತರಾಯ. ನಿವೃತ್ತ ಗುಮಾಸ್ತ, ಕನ್ನಡ ಮಂಡಳಿಯ ಹಳೆಯ ಹುಲಿ. ಕೆಲಸ ಅರ್ಧವೂ ಆಗಿರಲಿಲ್ಲ, ಮಂಡಳಿಯಲ್ಲಿ ಸಾರಿಬಿಟ್ಟಿದ್ದ: "ನಮ್ಮ ಸೊಸಿ ಸಿದ್ಧ ಮಾಡಿ ತೋರಸ್ಯಾಳ. ಕನ್ನಡದಾಗ ಹೇಳಿದ್ರ ನಮ್ಮ ಹುಡುಗ್ರಿಗೆ ಲೆಕ್ಕ ತಾನ ಬರ್ತದ."

ಆದರೆ ಬಂದ ಫಲಿತಾಂಶ ಬೇರೆ. ಕನ್ನಡದಲ್ಲಿ ಹೇಳಿದರೂ ಮಕ್ಕಳು ಹೆಚ್ಚುಕಡಿಮೆ ಅಷ್ಟೇ ತಪ್ಪಿದರು.

ಪ್ರಬಂಧವನ್ನು ಓದಿದ ಹೊರಗಿನ ಪರೀಕ್ಷಕರು ತಮ್ಮ ವರದಿಯಲ್ಲಿ ಇದನ್ನೇ ಹಿಡಿದಿದ್ದರು: ಮೂಲ ಊಹೆ ನಿಲ್ಲಲಿಲ್ಲ, ಹಾಗಾದರೆ ಇಲ್ಲಿ ಹೊಸದೇನು ಎಂಬುದನ್ನು ಅಭ್ಯರ್ಥಿ ಮೌಖಿಕ ಪರೀಕ್ಷೆಯಲ್ಲಿ ಸ್ಪಷ್ಟಪಡಿಸಬೇಕು. ಆ ಪರೀಕ್ಷೆಯೋ ಬಹಿರಂಗ, ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಅಪ್ಪ ಮಂಡಳಿಯ ಗೆಳೆಯರನ್ನೆಲ್ಲ ಕರೆದಿದ್ದ. ಅತ್ತ ದರಿ, ಇತ್ತ ಪುಲಿ.

ವೈನಿಯ ಗೈಡ್ ದೇವದಾಸ್ ಸರ್ ಒಳ್ಳೆಯ ಮನುಷ್ಯ. ಅವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಹೇಳಿದರು. ಮಾತೃಭಾಷೆಯ ಮಹತ್ವದಿಂದ ಶುರು ಮಾಡಿ, ಹಿಂದಿನವರ ಸಂಶೋಧನೆಗಳನ್ನು ವಿಸ್ತಾರವಾಗಿ ಹೇಳಿ, ಊಹೆ ಸುಳ್ಳಾದದ್ದನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟು ಹೊತ್ತಿಗೆ ಜನ ದಣಿದಿರುತ್ತಾರೆ ಎಂದು.

ರವಿವಾರ ಮಧ್ಯಾಹ್ನ ವೈನಿ ಆ ಉಪಾಯದಂತೆ ಬರೆದ ಭಾಷಣವನ್ನು ನನ್ನ ಮುಂದೆ ನಿಂತು ಓದಿ ನೋಡಿದಳು. ನಾನು ಶಿವಾಜಿನಗರದ ಕೋರ್ಟಿನಲ್ಲಿ ಸ್ಟೆನೋ. ವಕೀಲರ ಪೀಠಿಕೆ ಕೇಳಿ ಕೇಳಿ ನನ್ನ ಸಹನೆ ಎಂದೋ ಸತ್ತಿದೆ. ಸನ್ಮಾನ್ಯರು, ಗೌರವಾನ್ವಿತರು, ಮಹತ್ವ, ಹಿನ್ನೆಲೆ. ಪುಟ ತಿರುವಿದಳು, ಪ್ರಶ್ನೆಯ ಸುಳಿವಿಲ್ಲ.

"ವೈನಿ, ನಮ್ಮ ಜಡ್ಜ್ ಇಷ್ಟೊತ್ತಿಗೆ ಮುಂದಿನ ತಾರೀಖು ಕೊಟ್ಟು ಊಟಕ್ಕ ಎದ್ದಿರ್ತಿದ್ರು ನೋಡು" ಎಂದೆ.

ಅವಳು ನಗಲಿಲ್ಲ. ಕಾಗದವನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. "ನನಗೂ ಬ್ಯಾಸರ ಬಂತು, ಮಂಜರಿ. ಇದು ನನ್ನ ಮಾತಲ್ಲ."

ಅಷ್ಟರಲ್ಲಿ ಅಪ್ಪ ಚಹಾ ಕೇಳುತ್ತ ಬಂದ. ವೈನಿ ಅವನನ್ನು ಕೂಡಿಸಿ ಹೇಳಿದಳು: "ಮಾವನವರ, ಒಂದು ಲೆಕ್ಕ ಹೇಳ್ರಿ. ಭೀಮವ್ವನ ಬುಟ್ಟಿಯೊಳಗ ಒಂದಿಷ್ಟು ನಿಂಬಿಹಣ್ಣು ಇದ್ದುವು. ಹನ್ನೆರಡು ಮಾರಿದಳು. ಇಪ್ಪತ್ತು ಉಳದುವು. ಮೊದಲ ಎಷ್ಟಿದ್ದುವು?"

"ಎಂಟು" ಎಂದ ಅಪ್ಪ, ಕಣ್ಣು ಮಿಟುಕಿಸುವಷ್ಟರಲ್ಲಿ. "ಮಾರಿದಳು ಅಂದಮ್ಯಾಲ ಕಳೀಬೇಕಲ್ಲ?"

ನಾನು ಕಿಸಕ್ಕೆಂದೆ. ಎಂಟೇ ಹಣ್ಣಿದ್ದರೆ ಇಪ್ಪತ್ತು ಹೇಗೆ ಉಳಿದಾವು? ಅಪ್ಪನ ಮುಖ ಕೆಂಪಾಯಿತು.

"ನಿಮ್ಮ ಮಾತಿನಾಗ ಒಮ್ಮೆ ತಿರುಗಿ ಹೇಳ್ರಿ" ಎಂದಳು ವೈನಿ.

ಅಪ್ಪ ಗೊಣಗಿದ. "ಬುಟ್ಟಿ ತುಂಬ ಇದ್ದುವು... ಹನ್ನೆರಡು ಹೋದುವು... ಇನ್ನೂ ಇಪ್ಪತ್ತು ಅವ..." ಬೆರಳು ಮಡಚಿ ಎಣಿಸಿದ. "ಮೂವತ್ತೆರಡು. ಆತಿಲ್ಲೊ? ನನ್ನ ಮ್ಯಾಲ ನಿನ್ನ ಮಾಸ್ತರಕಿ ತೋರಸಬ್ಯಾಡ."

"ಹುಡುಗರೂ ಹಿಂಗ ಮಾಡತಾರ್ರಿ. ಕನ್ನಡದಾಗ ಕೇಳಿದ್ರೂ, ಮರಾಠಿಯಾಗ ಕೇಳಿದ್ರೂ."

ಆಗ ಅಪ್ಪನಿಗೆ ವಿಷಯ ಹೊಳೆಯಿತು. "ಅಂದ್ರ ಅಷ್ಟು ಮಂದಿ ಮುಂದ ಕನ್ನಡ ಸೋತದ ಅಂತ ಹೇಳಾಕಿ ನೀನು? ನನ್ನ ಮಾನ ಏನಾಗಬೇಕು?"

"ಕನ್ನಡ ಸೋತಿಲ್ರಿ. ನನ್ನ ಊಹೆ ಸೋತದ. ಅದನ್ನ ನಾ ಮೊದಲ ಹೇಳತೀನಿ, ಕಡೀಕ ಅಲ್ಲ."

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಪ್ಪ ಒದೆಯಲಿಲ್ಲ, ಮಾತು ಬಿಟ್ಟ. ಪರೀಕ್ಷೆಯ ದಿನದವರೆಗೂ ಸೊಸೆಯೊಡನೆ ಒಂದು ಮಾತಿಲ್ಲ. ನನಗೆ ಸಿಟ್ಟು ಬಂದಿತ್ತು. ವೈನಿಗೆ ದುಃಖವಾಗಿತ್ತು, ಆದರೆ ಅವಳು ಬದಲಾಗಲಿಲ್ಲ.

ಆ ದಿನ ವಿಭಾಗದ ಸಭಾಗೃಹದಲ್ಲಿ ಅಪ್ಪ ಗೆಳೆಯರ ಜೊತೆ ಎರಡನೇ ಸಾಲಿನಲ್ಲಿ ಕೂತಿದ್ದ. ವೈನಿ ಎಲ್ಲರಿಗೂ ಒಂದೇ ನಮಸ್ಕಾರ ಮಾಡಿ ಶುರು ಮಾಡಿದಳು. ಕೈಯಲ್ಲಿ ಕಾಗದವಿರಲಿಲ್ಲ. ಅವಳು ಮರಾಠಿಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಹೀಗೆ:

"ನನ್ನ ಪ್ರಶ್ನೆ ಒಂದೇ. ಮನೆಯಲ್ಲಿ ಕನ್ನಡ ಆಡುವ, ಮರಾಠಿ ಶಾಲೆಯಲ್ಲಿ ಓದುವ ನಾಲ್ಕನೇ ಇಯತ್ತೆಯ ಮಕ್ಕಳು ಕಥೆಯ ಲೆಕ್ಕದಲ್ಲಿ ತಪ್ಪುವುದು ಏಕೆ? ಭಾಷೆಯಿಂದ ಎಂದು ನಾನು ಊಹಿಸಿದ್ದೆ. ಆ ಊಹೆ ನಿಲ್ಲಲಿಲ್ಲ.

"ಅದನ್ನು ಹೇಗೆ ತಿಳಿದೆ? ಒಂದೇ ಮಟ್ಟದ ಲೆಕ್ಕಗಳನ್ನು ಪ್ರತಿ ಮಗುವಿಗೂ ಮೂರು ಬಗೆಯಲ್ಲಿ ಕೊಟ್ಟೆ: ಬರೀ ಅಂಕಿಯಾಗಿ, ಮರಾಠಿ ಕಥೆಯಾಗಿ, ಕನ್ನಡ ಕಥೆಯಾಗಿ. ಈ ಮಕ್ಕಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ಎರಡೂ ಕಥೆಗಳನ್ನು ಓದಿ ಹೇಳಿದೆ. ಮೊದಲು ಮಾಡಿದ ರೂಢಿ ಆಮೇಲಿನದಕ್ಕೆ ನೆರವಾಗಬಾರದೆಂದು ಕ್ರಮವನ್ನು ಮಗುವಿನಿಂದ ಮಗುವಿಗೆ ಬದಲಿಸಿದೆ. ಅಂಕಿಯಲ್ಲಿ ಸರಿ ಮಾಡಿದವರು ಎರಡೂ ಭಾಷೆಯ ಕಥೆಯಲ್ಲಿ ಎಡವಿದರು. ಕನ್ನಡದಲ್ಲಿ ಕಂಡ ಲಾಭ, ಆಕಸ್ಮಿಕವಲ್ಲ ಎಂದು ಹೇಳಲಾಗದಷ್ಟು ಚಿಕ್ಕದು.

"ಆಮೇಲೆ ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿದೆ. ಒಂದು ಗುಂಪು ಕಥೆಯನ್ನು ಕೇಳಿ, ತನ್ನ ಮಾತಿನಲ್ಲಿ ತಿರುಗಿ ಹೇಳಿ, ಆಮೇಲೆ ಬಿಡಿಸಿತು. ಇನ್ನೊಂದು ಗುಂಪು ಕಥೆಯನ್ನು ಎರಡು ಸಲ ಕೇಳಿ ಬಿಡಿಸಿತು, ಸಮಯ ಎರಡೂ ಗುಂಪಿಗೆ ಸಮವಿರಲೆಂದು. ತಿರುಗಿ ಹೇಳಿದವರು ಸ್ಪಷ್ಟವಾಗಿ ಮುಂದಾದರು, ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಎರಡನ್ನೂ ಕಲಸಿ ಹೇಳಲಿ.

"ನನ್ನ ಕೊಡುಗೆ ಇಷ್ಟೇ: ಇಂಥ ತರಗತಿಯಲ್ಲಿ ಯಾವ ಭಾಷೆಯಲ್ಲಿ ಮಗುವಿಗೆ ಹೇಳಿದೆವು ಎಂಬುದಕ್ಕಿಂತ, ಮಗು ತಾನು ತಿರುಗಿ ಹೇಳಿತೇ ಎಂಬುದು ಹೆಚ್ಚು ನೆರವಾಯಿತು. ಇದು ಒಂದು ಬಡಾವಣೆಯ, ಒಂದು ಇಯತ್ತೆಯ ಮಾತು. ಶಾಲೆ ಯಾವ ಮಾಧ್ಯಮದಲ್ಲಿ ಇರಬೇಕು ಎಂಬ ಪ್ರಶ್ನೆಗೆ ಇದು ಉತ್ತರವಲ್ಲ."

ದೇವದಾಸ್ ಸರ್ ತಲೆ ತಗ್ಗಿಸಿ ಕೂತಿದ್ದರು. ವೈನಿ ಕೋಷ್ಟಕಗಳನ್ನು ಒಂದೊಂದಾಗಿ ತೋರಿಸಿ ಮುಗಿಸಿದ ಮೇಲೆ ಹೊರಗಿನ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಊಹೆ ಬಿದ್ದುಹೋದ ಮೇಲೆ ಅಧ್ಯಯನವೂ ಬಿದ್ದಂತಲ್ಲವೇ?"

"ಊಹೆಯನ್ನು ಬೀಳಿಸಿದ್ದೇ ಅಧ್ಯಯನ, ಸರ್. ಇಲ್ಲದಿದ್ದರೆ ನಾನು ಇನ್ನೂ ಅದನ್ನೇ ನಂಬಿ ಪಾಠ ಮಾಡುತ್ತಿದ್ದೆ."

ಅವರು ಇನ್ನೂ ಬಹಳ ಕೇಳಿದರು. ಎಲ್ಲ ಮುಗಿದು, ಸಮಿತಿಯವರು ಒಳಗೆ ಹೋಗಿ ಮಾತಾಡಿ ಬಂದು, ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಪ್ರಕಟಿಸಿದರು. ಚಪ್ಪಾಳೆಯ ನಡುವೆ ವೈನಿ ಎರಡನೇ ಸಾಲು ನೋಡಿದಳು. ಅಪ್ಪ ಅಲ್ಲಿರಲಿಲ್ಲ.

ಹೊರಗೆ ಚಹಾದ ಮೇಜಿನ ಹತ್ತಿರ ಸಿಕ್ಕ. ಮಂಡಳಿಯ ಪ್ರಲ್ಹಾದರಾಯರು ತಡವಾಗಿ ಬಂದು ಅವನನ್ನು ಹಿಡಿದು ನಿಲ್ಲಿಸಿದ್ದರು. "ಏನ್ರಿ ಅವಧೂತರಾಯರ, ಕನ್ನಡ ಗೆದ್ದಂಗಾತಿಲ್ಲೊ?"

ವೈನಿ ನನ್ನ ಕೈ ಹಿಡಿದಳು. ಅಪ್ಪ ಕಪ್ಪನ್ನು ಕೆಳಗಿಟ್ಟ.

"ಇಲ್ರಿ. ನಾ ನಿಮಗ ಹೇಳಿದ್ದು ತಪ್ಪು" ಎಂದ. "ನಮ್ಮ ಸೊಸಿ ಹೇಳೂದು ಏನಂದ್ರ, ನಾವು ಹುಡುಗಗ ಯಾವ ಭಾಷಾದಾಗ ಹೇಳಿದ್ವಿ ಅನ್ನೂದಕ್ಕಿಂತ ಹುಡುಗ ತನ್ನ ಬಾಯಿಲೆ ತಿರುಗಿ ಹೇಳ್ತಾನೇನು ಅದನ್ನ ನೋಡ್ರಿ. ನಂದ ತಗೊಳ್ರಿ. ಚೊಕ್ಕ ಕನ್ನಡದಾಗ ಕೇಳಿದ್ಲು, ನಾ ಎಂಟು ಅಂದೆ."

"ಏನು ಎಂಟು?"

"ನಿಂಬಿಹಣ್ಣು" ಎಂದ ಅಪ್ಪ. ಆಮೇಲೆ ತಿರುಗಿ ಸೊಸೆಯನ್ನು ಕೇಳಿದ: "ಬರೋಬ್ಬರಿ ಹೇಳಿದೆನೇನವಾ?"