ಹರ್ಷದಾಗೆ ಮಗದುಮ ಸರ್ ಕೊಟ್ಟ ಉತ್ತರ

ವಿಶ್ರಾಮಬಾಗದ ಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದ ಪಾರಿಸ ಮಗದುಮ ಸರ್ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಯುಷ್ಯವೆಲ್ಲ ಮೈದಾನದಲ್ಲಿ ಸೀಟಿ ಊದಿದ ಮನುಷ್ಯನಿಗೆ ನಿವೃತ್ತಿಯ ಕಡೇ ವರ್ಷ ಒಬ್ಬಳು ನಿಜವಾದ ಓಟಗಾರ್ತಿ ಸಿಕ್ಕಿದ್ದಳು. ಹತ್ತಿರದ ಕಸಬೆ ಡಿಗ್ರಜ ಊರಿನ ಹರ್ಷದಾ, ಹತ್ತನೆಯ ತರಗತಿ. ಜಿಲ್ಲೆಗೆ ಮೊದಲು ಬಂದಿದ್ದಳು. ಮುಂದಿನದು ಕೊಲ್ಲಾಪುರದಲ್ಲಿ ವಿಭಾಗ ಮಟ್ಟದ ಸ್ಪರ್ಧೆ.

ಒಂದು ಮುಂಜಾನೆ ಓಟ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಕೇಳಿದಳು. “ಸರ್, ನಸುಕಿನ್ಯಾಗ ಬಂದು ಓಡಿದ್ರ ಓದು-ಅಭ್ಯಾಸ ಕೆಡತದೇನ್ರಿ? ಪಪ್ಪಾ ಕೇಳ್ಕೊಂಡು ಬಾ ಅಂದಾರ. ಸರ್ ಹೆಂಗಂತಾರ ಹಂಗ ಅಂತ.”

“ಓಟದಿಂದ ಏನೂ ಕೆಡೂದಿಲ್ಲವ್ವಾ” ಎಂದರು ಸರ್. ಅಷ್ಟಕ್ಕೇ ಬಾಯಿ ಮುಚ್ಚಬಾರದಿತ್ತೇ ಪುಣ್ಯಾತ್ಮ! “ರಾತ್ರಿ ಯಾವಾಗ ಮಲಗ್ತಿ?” ಎಂದು ಕೇಳಿದರು.

“ಟ್ಯೂಶನ್ ಕ್ಲಾಸ್ ಬಿಟ್ಟು ಮನಿ ಮುಟ್ಟೂದರಾಗ ಹತ್ತು ಆಗತದ. ಓದಿ ಮಲಗೂದು ಹನ್ನೆರಡಕ್ಕ. ನಾಕೂವರಿಗೆ ಪಪ್ಪಾ ಎಬ್ಬಸ್ತಾರ.”

ಸರ್ ಮುಖ ಬಾಡಿತು. “ನಿನ್ನ ವಯಸ್ಸಿಗೆ ಎಂಟು ತಾಸರೆ ನಿದ್ದಿ ಬೇಕು. ಓದಿದ್ದು ತಲಿಯಾಗ ನಿಲ್ಲೂದು ನಿದ್ದಿಯೊಳಗ. ನಿದ್ದಿಗೆಟ್ಟು ಓಡಿದ್ರ ಕಾಲಿಗೂ ಪೆಟ್ಟಾಗತದ. ಲಗೂ ಮಲಗೂ ಹಂಗಿದ್ರ ಬಾ. ಇಲ್ಲಂದ್ರ ಬ್ಯಾಡ.”

ಸಂಜೆ ಓಡಿಸಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಸ್ವಾಮಿ? ಶಾಲೆ ಬಿಡುವುದೇ ಐದಕ್ಕೆ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಓಟ ಮುಗಿಯುವಷ್ಟರಲ್ಲಿ ಕತ್ತಲು, ಆಮೇಲೆ ಒಂದು ತುತ್ತೂ ಇಲ್ಲ. ಓಡಿ ದಣಿದ ಹುಡುಗಿ ಬೆಳಗಿನ ತನಕ ಖಾಲಿ ಹೊಟ್ಟೆಯಲ್ಲಿ ಇರಲಾದೀತೇ?

ಅವಳ ತಂದೆ ಬಾಬಾಸಾಹೇಬ ಸ್ವತಃ ಬಂದಾಗ ಸರ್, “ರಾತ್ರಿ ಕ್ಲಾಸ್ ಬಿಡಸ್ರಿ” ಎಂದು ಹೇಳಿ ನೋಡಿದರು.

“ಹತ್ತನೇದ್ದು ಸರ್, ಕ್ಲಾಸ್ ಹೆಂಗ ಬಿಡಸೂದು? ನೀವು ಖರೇ ಹೇಳಿದ್ರಿ, ಉಪಕಾರ ಆತು. ಓಟಾನ ಬಿಡಸ್ತೀನಿ.”

ಸ್ಪರ್ಧೆ ಮುಗಿಯುವವರೆಗೆ ಸಂಜೆ ಓಡಲಿ, ಕತ್ತಲಾದ ಮೇಲೆ ಉಣ್ಣಲಿ ಎಂದು ಹೇಳಲು ಸರ್ ಬಾಯಿ ತೆರೆದರು. ಆದರೆ ದೀಪ ಹಚ್ಚಿದ ಮೇಲೆ ತಾವೇ ಎಂದೂ ಅನ್ನ ಮುಟ್ಟದವರು, ಇನ್ನೊಬ್ಬರ ಮಗಳಿಗೆ ಯಾವ ಮುಖ ಹೊತ್ತು ಹೇಳಿಯಾರು? ಬಾಬಾಸಾಹೇಬರೂ ಕೇಳಲಿಲ್ಲ. ಇಬ್ಬರಿಗೂ ಆ ದಾರಿ ಗೊತ್ತಿತ್ತು, ಇಬ್ಬರೂ ಸುಮ್ಮನಾದರು. ಕೊಲ್ಲಾಪುರದಲ್ಲಿ ಅವಳ ಬದಲು ಬೇರೆ ಯಾರೋ ಓಡಿದರು. ಸರ್ ಆ ದಿನ ಮೈದಾನಕ್ಕೇ ಹೋಗಲಿಲ್ಲ. ದುಃಖ ಅಷ್ಟಿತ್ತು.

ಹತ್ತನೆಯದರ ಫಲಿತಾಂಶ ಬಂದ ಮೇಲೆ ಹರ್ಷದಾ ಪೇಢೆ ಹಿಡಿದು ಅವರ ಮನೆಗೆ ಬಂದಳು. ಒಳ್ಳೆಯ ಅಂಕ ಬಂದಿದ್ದವು. ಸರ್ ಪ್ರೀತಿಯಿಂದ ಕೇಳಿದರು. “ನಿದ್ದಿಯರೆ ಚೊಲೊ ಆತಲ್ಲವ್ವಾ?”

“ಇಲ್ರಿ ಸರ್. ದಿನಾ ನಾಕೂವರಿಗೆ ತಾನಾಗೇ ಎಚ್ಚರ ಆಗತಿತ್ತು” ಎಂದು ತಲೆ ತಗ್ಗಿಸಿದಳು ಹುಡುಗಿ. “ಪಪ್ಪಾ ಇವತ್ತರೆ ಎಬ್ಬಸ್ತಾರೇನೋ ಅಂತ ಹಾಸಿಗ್ಯಾಗ ಕಣ್ಣ ಮುಚ್ಚಿಕೊಂಡು ಕಾಯ್ತಿದ್ದೆ.”