ಕಿವಿಯ ಹಿಂದಿನ ಹೊಲಿಗೆ

ನನ್ನ ಕಿವಿಗಳು ಹೊರಚಾಚಿದ್ದವು. ಪುತ್ತೂರಿನ ಪಾರ್ಲರಿನ ಅಕ್ಕ ಕಿವಿಯ ಬಳಿ ಕೂದಲನ್ನು ಪದರವಾಗಿ ಕತ್ತರಿಸಿ, "ಬಿಗಿಯಾಗಿ ಎಳೆದು ಕಟ್ಟುದು ಬೇಡ, ಕಿವಿ ಮೇಲೆ ಸಡಿಲ ಬಿಡಿ" ಎಂದಿದ್ದರು. ಸ್ಕೂಟರಿನಲ್ಲಿ ಗಾಳಿ ಬೀಸಿದರೆ ಎಲ್ಲವೂ ಬಯಲಾಗುತ್ತಿತ್ತು.

ಕೊನೆಗೆ ಮಂಗಳೂರಿಗೆ ಶಸ್ತ್ರಚಿಕಿತ್ಸೆಗೆ ಹೋದೆ. "ಕಿವಿಯ ಹಿಂದೆ ಕೊಯ್ದು, ಒಳಗಿನ ಮೃದು ಎಲುಬನ್ನು ಮಡಚಿ ಹೊಲಿಯುದು. ರಕ್ತ ಕಟ್ಟಬಹುದು, ಸೋಂಕು ಆಗಬಹುದು. ಹೊಲಿಗೆ ಬಿಟ್ಟು ಕಿವಿ ಮತ್ತೆ ಹೊರಗೆ ಬರುದೂ ಉಂಟು" ಎಂದು ವೈದ್ಯರು ಮೊದಲೇ ಹೇಳಿದರು. ನಾನು ಒಪ್ಪಿದೆ.

ಪಟ್ಟಿ ಬಿಚ್ಚಿದಾಗ ಕಿವಿಗಳು ತಲೆಗೆ ಒತ್ತಿಕೊಂಡಿದ್ದವು. ಅಮ್ಮ ಕನ್ನಡಿ ಹಿಡಿದು ನಕ್ಕರು. ಮಲಗುವಾಗ ತಲೆಪಟ್ಟಿಯನ್ನು ವಾರಗಟ್ಟಲೆ ತಪ್ಪದೆ ಕಟ್ಟಿಕೊಂಡೆ. ಆದರೂ ಕೆಲವು ತಿಂಗಳಲ್ಲಿ ಒಳಹೊಲಿಗೆ ಸಡಿಲಗೊಂಡು ಎಡಗಿವಿ ಮೆಲ್ಲನೆ ಹೊರಬಂತು.

ಮತ್ತೆ ಮಂಗಳೂರಿಗೆ ಹೋಗಿ ತೋರಿಸಿದಾಗ, "ಇನ್ನೊಮ್ಮೆ ಮಾಡ್ಬಹುದು" ಎಂದರು ವೈದ್ಯರು. ಬಸ್ಸಿನಲ್ಲಿ ಹಿಂತಿರುಗುವಾಗ ಅಮ್ಮ, "ಇನ್ನು ಎಂತ ಮಾಡುದು?" ಎಂದು ಕೇಳಿದರು. ಬಸ್ಸು ಮಾಣಿ ಪೇಟೆ ದಾಟುವಾಗ, ಕಿಟಕಿಯ ಗಾಳಿಗೆ ಹಾರುತ್ತಿದ್ದ ಕೂದಲನ್ನು ಎಡಗಿವಿಯ ಮೇಲೆ ಸಡಿಲವಾಗಿ ಎಳೆದುಕೊಂಡೆ.