ತಿಪ್ಪೇರುದ್ರಮ್ಮನ ಎಲೆ ಚೀಲ

ಒಂದು ವರ್ಷದಿಂದ ಎಲೆಅಡಿಕೆ ಇಲ್ಲದ ತಿಪ್ಪೇರುದ್ರಮ್ಮನನ್ನು ತಂಬ್ರಹಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ. ಅಡಿಕೆ ಅಂಗಡಿಯೇ ಅತ್ತೆಯ ಬಾಯಲ್ಲಿದೆ ಎಂದು ಸೊಸೆ ಗೊಣಗುತ್ತಿದ್ದಳು. ವರ್ಷಗಳ ಹಿಂದೆ, ಇಲ್ಲದ ದನಿಗಳು ಕೇಳಿ ಕುರಿ ಬಿಟ್ಟು ಅಲೆದವಳನ್ನು ಮನೆಗೆ ತಂದದ್ದು ಆಸ್ಪತ್ರೆಯ ಗುಳಿಗೆ. ಅದನ್ನು ಅವಳು ಎಂದೂ ತಪ್ಪಿಸಿದವಳಲ್ಲ.

ಈ ಸಲ ಗುಳಿಗೆ ತರಲು ಹೋದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸ ನರ್ಸ್ ಜರೀನಾ, "ಅಮ್ಮಾ, ಬಾಯಾಗಿಂದು ಉಗುಳಿ ಮುಕ್ಕಳಿಸಿ ಬರ್ರಿ," ಎಂದಳು. ತಿಪ್ಪೇರುದ್ರಮ್ಮ ಮನಸ್ಸಿಲ್ಲದೆ ಎದ್ದು ಹೋಗಿ ಬಂದಳು. ಕುರ್ಚಿಯಲ್ಲಿ ಕೂತು, ಹೇಳಿದಂತೆ ಹೆಬ್ಬೆರಳಿಂದ ಉಳಿದ ಬೆರಳುಗಳನ್ನು ಮುಟ್ಟುತ್ತಿದ್ದಾಗ ಖಾಲಿ ಬಾಯಿ ಜಗಿಯುತ್ತಲೇ ಇತ್ತು.

"ಯಾವಾಗಿಂದ ಹಿಂಗ?" ಜರೀನಾ ಕೇಳಿದಳು.

"ಹ್ವಾದ ವರ್ಷದಿಂದ್ರಿ. ಖಾಲಿ ಬಾಯಿ ಆಡಿದ್ರ ಹುಚ್ಚು ತಿರುಗಿ ಬಂತು ಅಂತಾರ. ಅಡಿಕಿ ಹಾಕ್ಕಂಡ್ರ ಯಾರೂ ಕೇಳಲ್ಲ."

ಜರೀನಾ ತಪಾಸಣೆ ಹಾಳೆಯಲ್ಲಿ ತುಟಿ, ದವಡೆ, ನಾಲಿಗೆ, ಕೈಕಾಲು ತಾವಾಗಿಯೇ ಎಷ್ಟು ಆಡುತ್ತವೆ ಎಂದು ನೋಡಿ ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರೊಳಗೆ ಅಂಕ ಹಾಕಿದಳು. ಬಾಯಲ್ಲಿ ಏನೂ ಇರಲಿಲ್ಲ ಎಂದೂ ಬರೆದಳು. ಡಾಕ್ಟರು ಅದನ್ನು ಓದಿ, ತಾವೂ ಪರೀಕ್ಷಿಸಿದರು.

"ಇದು ಹುಚ್ಚಲ್ಲಮ್ಮ, ಬಾಳ ವರ್ಷ ನುಂಗಿದ ಗುಳಿಗಿಯಿಂದ ಬಂದದ್ದು. ಹಂಗಂತ ನೀವಾಗೇ ಬಿಡಬ್ಯಾಡ್ರಿ. ನಿಧಾನಕ್ಕ ಬ್ಯಾರೆ ಗುಳಿಗಿಗೆ ಬದಲಿಸೋಣ. ಮುಂದಿನ ತಿಂಗಳು ಬರ್ರಿ. ಮೂರು ತಿಂಗಳಿಗೆ ಮತ್ತ ಹಿಂಗ ಅಂಕ ಹಾಕಿ ನೋಡೋಣ."

ಊರಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಅವಳ ಬಾಯಿ ನೋಡಿ, "ನನಗೂ ಒಂದೆಲಿ ಕೊಡಬೇ," ಎಂದಳು.

ತಿಪ್ಪೇರುದ್ರಮ್ಮ ಚೀಲವನ್ನೇ ಅವಳ ಮಡಿಲಿಗಿಟ್ಟಳು. "ತಗಾ. ನಾ ಏನೂ ಜಗಿಯಾಕತ್ತಿಲ್ಲ. ಗುಳಿಗಿಗೆ ಬಾಯಿ ತಾನ ಆಡ್ತೈತಿ. ಡಾಕ್ಟ್ರು ಬರಕಂಡಾರ."